ಬರಹಗಾರರಿಗೆ ಸಲಹೆ: ಉತ್ತರ ಸರಿ, ಹೋಲಿಕೆ ತಪ್ಪು

“ಸಂಪಾದಕರಿಗೆ ನಮಸ್ಕಾರಗಳು. ನಾನು ವಿಜಯಪುರದಲ್ಲಿ ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. sin x / x ಇಂಟಿಗ್ರಲ್ ಷರತ್ತುಬದ್ಧವಾಗಿ ಮಾತ್ರ ಏಕೆ ಅಭಿಸರಿಸುತ್ತದೆ ಎಂಬುದರ ಬಗ್ಗೆ ಲೇಖನ ಕಳಿಸಿದ್ದೇನೆ. 1/x ಜೊತೆಗೆ ಹೋಲಿಸಿ ಸಾಧಿಸಿದ್ದೇನೆ. ಎಲ್ಲರಿಗೂ ತಿಳಿಯಲೆಂದು ಗೋಲ ಗುಮ್ಮಟದ ಪ್ರತಿಧ್ವನಿಯ ಉದಾಹರಣೆಯನ್ನೂ ಕೊಟ್ಟಿದ್ದೇನೆ. ಪ್ರಕಟಣೆಗೆ ಯೋಗ್ಯವೇ? ಕೊರತೆಯಿದ್ದರೆ ಮುಲಾಜಿಲ್ಲದೆ ತಿಳಿಸಿ.”

ನಮಸ್ಕಾರ. ಈಗಿರುವ ರೂಪದಲ್ಲಿ ಲೇಖನವನ್ನು ಪ್ರಕಟಿಸಲಾಗದು. ನಿಮ್ಮ ತೀರ್ಮಾನಗಳೆರಡೂ ಸರಿಯಾಗಿವೆ: sin x / x ಇಂಟಿಗ್ರಲ್ ಅಭಿಸರಿಸುತ್ತದೆ, |sin x| / x ಇಂಟಿಗ್ರಲ್ ಅಪಸರಿಸುತ್ತದೆ. ಆದರೆ ಅವುಗಳಿಗೆ ನೀವು ಕೊಟ್ಟ ಕಾರಣಗಳಲ್ಲಿ ಒಂದೂ ನಿಲ್ಲುವುದಿಲ್ಲ.

ಎರಡನೆಯ ಪುಟದಲ್ಲಿ ಹೀಗೆ ಬರೆದಿದ್ದೀರಿ: |sin x| / x ಎಂಬುದು 1/x ಗಿಂತ ಹೆಚ್ಚಲ್ಲ, 1/x ಇಂಟಿಗ್ರಲ್ ಅಪಸರಿಸುತ್ತದೆ, ಆದ್ದರಿಂದ ಇದೂ ಅಪಸರಿಸುತ್ತದೆ. ಹೋಲಿಕೆ ಇಲ್ಲಿ ತಲೆಕೆಳಗಾಗಿದೆ. x ಒಂದಕ್ಕಿಂತ ದೊಡ್ಡದಿದ್ದಾಗ 1/x² ಕೂಡ 1/x ಗಿಂತ ಚಿಕ್ಕದೇ, ಆದರೂ 1 ರಿಂದ ಅನಂತದವರೆಗೆ ಅದರ ಇಂಟಿಗ್ರಲ್ ನಿಖರವಾಗಿ 1. ಅಪಸರಿಸುವುದರ ಕೆಳಗಿದೆ ಎಂಬುದರಿಂದ ಏನೂ ಸಿದ್ಧವಾಗುವುದಿಲ್ಲ. ನಿಮಗೆ ಬೇಕಾಗಿದ್ದುದು |sin x| / x ನ ಕೆಳಗೆ ಇದ್ದುಕೊಂಡೇ ಅಪಸರಿಸುವ ಒಂದು ಫಲನ.

ಮುಂದಿನ ಪುಟದಲ್ಲಿ ಮಿತಿ ಹೋಲಿಕೆ ಪರೀಕ್ಷೆಗೆ ಕೈಹಾಕಿದ್ದೀರಿ. sin x / x ಅನ್ನು 1/x ನಿಂದ ಭಾಗಿಸಿದರೆ sin x ಉಳಿಯುತ್ತದೆ. ಅದು −1 ಮತ್ತು 1 ರ ನಡುವೆಯೇ ಇರುವುದರಿಂದ ಪರೀಕ್ಷೆ ಅನ್ವಯಿಸುತ್ತದೆ ಎಂದಿದ್ದೀರಿ. ಎಲ್ಲೆಯೊಳಗೆ ಇರುವುದು ಬೇರೆ, ಒಂದು ಮಿತಿಯನ್ನು ತಲುಪುವುದು ಬೇರೆ. ಎರಡೂ ಫಲನಗಳು ಧನಾತ್ಮಕವಾಗಿದ್ದು, ಅವುಗಳ ಅನುಪಾತ ಸೊನ್ನೆಯಲ್ಲದ ಒಂದು ಸಾಂತ ಸಂಖ್ಯೆಯತ್ತ ಸಾಗಿದಾಗ ಮಾತ್ರ ಎರಡರ ಗತಿಯೂ ಒಂದೇ ಎನ್ನಬಹುದು. sin x ಎಲ್ಲಿಗೂ ಸಾಗುವುದಿಲ್ಲ, ಓಲಾಡುತ್ತಲೇ ಇರುತ್ತದೆ.

ಈ ಪರೀಕ್ಷೆ ನಿಜಕ್ಕೂ ಕೆಲಸ ಮಾಡುವ ಉದಾಹರಣೆ ನಿಮ್ಮ ಪಕ್ಕದಲ್ಲೇ ಇತ್ತು: sin(1/x). x ಬೆಳೆದಂತೆ 1/x ಸೊನ್ನೆಯತ್ತ ಹೋಗುತ್ತದೆ, sin(1/x) ಮತ್ತು 1/x ಗಳ ಅನುಪಾತ 1 ಕ್ಕೆ ಹೋಗುತ್ತದೆ, x ≥ 1 ಇರುವಲ್ಲೆಲ್ಲ ಎರಡೂ ಧನಾತ್ಮಕ. ಹಾಗಾಗಿ sin(1/x) ಇಂಟಿಗ್ರಲ್ 1/x ನಂತೆಯೇ ಅಪಸರಿಸುತ್ತದೆ. ಲೇಖನ ಇಲ್ಲಿಂದಲೇ ಶುರುವಾಗಲಿ. ಹತಾರ ಎಲ್ಲಿ ನಡೆಯುತ್ತದೆ ಎಂಬುದನ್ನು ಕಂಡ ಓದುಗರಿಗೆ ಅದು ಎಲ್ಲಿ ಕೈಕೊಡುತ್ತದೆ ಎಂಬುದೂ ಕಾಣುತ್ತದೆ.

‘ಧನಾತ್ಮಕ’ ಎಂಬ ಷರತ್ತನ್ನು ನೀವು ಎಲ್ಲಿಯೂ ಹೇಳಿಲ್ಲ. ಲೇಖನದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ಕೊರತೆ ಇದೇ. ಚಿಹ್ನೆ ಬದಲಾಗುವ ಕಡೆ ಅನುಪಾತಕ್ಕೆ ಮಿತಿ ಇದ್ದರೂ ಪರೀಕ್ಷೆ ಸುಳ್ಳು ಹೇಳಬಲ್ಲದು. ಈ ಎರಡನ್ನು ನೋಡಿ:

f = sin x / √x

g = sin x / √x + sin²x / x

sin x ಸೊನ್ನೆಯಾಗುವ ಬಿಂದುಗಳನ್ನು ಬಿಟ್ಟರೆ g/f ಎಂದರೆ 1 + sin x / √x, ಅದು 1 ಕ್ಕೆ ಹೋಗುತ್ತದೆ. ಆದರೂ 1 ರಿಂದ ಅನಂತದವರೆಗೆ f ಇಂಟಿಗ್ರಲ್ ಅಭಿಸರಿಸುತ್ತದೆ, g ಇಂಟಿಗ್ರಲ್ ಅಪಸರಿಸುತ್ತದೆ. g ನಲ್ಲಿ ಹೆಚ್ಚುವರಿಯಾಗಿ ಸೇರಿದ ಪದ ತೀರಾ ಚಿಕ್ಕದು, ಆದರೆ ಎಂದೂ ಋಣಾತ್ಮಕವಾಗುವುದಿಲ್ಲ. f ನ ಏರಿಳಿತ ತನ್ನನ್ನು ತಾನೇ ಕಳೆದುಕೊಳ್ಳುತ್ತ ಹೋದರೆ ಈ ಪದ ಸುಮ್ಮನೆ ಕೂಡುತ್ತ ಹೋಗುತ್ತದೆ. ಅನುಪಾತಕ್ಕೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಇನ್ನು ಅಭಿಸರಣ. ‘ಮೇಲಿನ ಉಬ್ಬು ಕೆಳಗಿನ ತಗ್ಗನ್ನು ರದ್ದು ಮಾಡುತ್ತದೆ’ ಎಂಬ ವಾಕ್ಯ ಊಹೆಯೇ ಹೊರತು ಸಾಧನೆಯಲ್ಲ. sin x ನಲ್ಲೂ ಉಬ್ಬು ತಗ್ಗುಗಳು ಪರಸ್ಪರ ರದ್ದಾಗುತ್ತವೆ, ಆದರೆ ಅದರ ಇಂಟಿಗ್ರಲ್ ಅಭಿಸರಿಸುವುದಿಲ್ಲ. ಸಾಧನೆಗೆ ಒಂದು ಸಲ ಭಾಗಶಃ ಅನುಕಲನ ಮಾಡಿದರೆ ಸಾಕು. ಸೊನ್ನೆಯ ಬಳಿ sin x / x ಒಂದರತ್ತ ಹೋಗುವುದರಿಂದ ಆ ತುದಿಯಲ್ಲಿ ತೊಂದರೆಯಿಲ್ಲ; 1 ರಿಂದ ಶುರುಮಾಡೋಣ:

∫₁ᴿ (sin x / x) dx = cos 1 − (cos R) / R − ∫₁ᴿ (cos x / x²) dx

R ಬೆಳೆದಂತೆ (cos R) / R ಸೊನ್ನೆಯಾಗುತ್ತದೆ. ಕೊನೆಯಲ್ಲಿರುವ |cos x| / x² ಎಂಬುದು 1/x² ಗಿಂತ ಹೆಚ್ಚಲ್ಲ, ಆದ್ದರಿಂದ ಆ ಇಂಟಿಗ್ರಲ್ ನಿರಪೇಕ್ಷವಾಗಿಯೇ ಅಭಿಸರಿಸುತ್ತದೆ. ನೀವು ತಪ್ಪು ಜಾಗದಲ್ಲಿ ಬಳಸಿದ ಹೋಲಿಕೆಗೆ ಸರಿಯಾದ ಜಾಗ ಇದು. ಇದೇ ಕ್ರಮದಲ್ಲಿ R ನಂತರ ಉಳಿಯುವ ಬಾಲ 2/R ಗಿಂತ ಹೆಚ್ಚಿರುವುದಿಲ್ಲ ಎಂಬುದೂ ಸಿಗುತ್ತದೆ. ಸೊನ್ನೆಯಿಂದ ಅನಂತದವರೆಗಿನ ಪೂರ್ಣ ಬೆಲೆ π/2, ಅಂದರೆ ಸುಮಾರು 1.5708.

ಅಪಸರಣಕ್ಕೆ ಉಬ್ಬುಗಳನ್ನು ಒಂದೊಂದಾಗಿ ಅಳೆಯಿರಿ. (k−1)π ಯಿಂದ kπ ವರೆಗಿನ ತುಂಡಿನಲ್ಲಿ x ಎಂದೂ kπ ಯನ್ನು ಮೀರುವುದಿಲ್ಲ, |sin x| ನ ವಿಸ್ತೀರ್ಣ ಸದಾ 2. ಆದ್ದರಿಂದ k ನೆಯ ಉಬ್ಬಿನ ವಿಸ್ತೀರ್ಣ ಕನಿಷ್ಠ 2/(kπ). ಇವುಗಳ ಮೊತ್ತ 1 + 1/2 + 1/3 + … ಶ್ರೇಣಿಯ 2/π ಪಾಲು, ಅದು ಎಲ್ಲಿಯೂ ನಿಲ್ಲುವುದಿಲ್ಲ. ಎರಡನೆಯ ಪುಟದಲ್ಲಿ ಮೇಲಿನಿಂದ ಹಿಡಿದದ್ದನ್ನು ಇಲ್ಲಿ ಕೆಳಗಿನಿಂದ ಹಿಡಿದಿದ್ದೇವೆ.

ಈ ಅಂಕಿಗಳನ್ನು ಲೇಖನದಲ್ಲಿ ತೋರಿಸಿ. ಮೊದಲ ನಾಲ್ಕು ಉಬ್ಬುಗಳ ವಿಸ್ತೀರ್ಣ ಸುಮಾರು 1.852, 0.434, 0.257, 0.183. ಚಿಹ್ನೆ ಸಹಿತ ಕೂಡುತ್ತ ಹೋದರೆ 1.852, 1.418, 1.675, 1.492 ಎಂದು π/2 ರ ಮೇಲೆ ಕೆಳಗೆ ಆಡುತ್ತ ಹತ್ತಿರವಾಗುತ್ತದೆ. ಚಿಹ್ನೆ ಬಿಟ್ಟು ಕೂಡಿದರೆ ನಾಲ್ಕನೆಯ ಉಬ್ಬಿಗೇ 2.725 ಆಗುತ್ತದೆ. ಅಲ್ಲಿಂದ ಮುಂದೆ ಏರಿಕೆ ತೀರಾ ನಿಧಾನ, ಏಕೆಂದರೆ ಅದು ಲಾಗರಿತಮ್‌ನ ಗತಿ: ದೂರಕ್ಕೆ ಹೋದಂತೆ ಮೊತ್ತಕ್ಕೆ ಇನ್ನೊಂದು 1 ಸೇರಬೇಕಾದರೆ ಕ್ರಮಿಸಿದ ದೂರ ಸುಮಾರು 4.8 ಪಟ್ಟು ಆಗಬೇಕು. ಹೀಗಾಗಿ ಕಂಪ್ಯೂಟರಿನಲ್ಲಿ ಒಂದಿಷ್ಟು ದೂರ ಲೆಕ್ಕ ಹಾಕಿದವರಿಗೆ |sin x| / x ಕೂಡ ಎಲ್ಲೋ ನಿಂತಂತೆ ಕಾಣುತ್ತದೆ. ನಿಮ್ಮ ಲೇಖನದ ಗ್ರಾಫ್ 30 ಕ್ಕೇ ಮುಗಿಯುತ್ತದೆ, ಅದನ್ನು ನೋಡಿದ ಯಾರೂ ಅಪಸರಣವನ್ನು ಊಹಿಸಲಾರರು.

ಕೊನೆಗೆ ಗೋಲ ಗುಮ್ಮಟ. ಅದನ್ನು ತೆಗೆಯಬೇಕಾಗುತ್ತದೆ. ಪಿಸುಗುಟ್ಟುವ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದಾಗ ಪ್ರತಿ ಮರುದನಿಯೂ ಹಿಂದಿನದರ ಒಂದು ಪಾಲನ್ನು ಕಳೆದುಕೊಂಡು ಬರುತ್ತದೆ. ಸ್ಥೂಲವಾಗಿ ಅದು ಗುಣೋತ್ತರ ಶ್ರೇಣಿ, ಚಿಹ್ನೆ ಏನೇ ಇರಲಿ ಅದರ ಮೊತ್ತ ಸಾಂತವೇ. ಅಂದರೆ ನಿಮ್ಮ ಉದಾಹರಣೆ ನಿರಪೇಕ್ಷ ಅಭಿಸರಣದ್ದು, ನೀವು ವಿವರಿಸಹೊರಟಿದ್ದಕ್ಕೆ ನೇರ ವಿರುದ್ಧ. sin x / x ನಲ್ಲಿ ಒಂದು ಉಬ್ಬಿಗೂ ಮುಂದಿನದಕ್ಕೂ ಇರುವ ಅನುಪಾತ ಒಂದಕ್ಕೆ ಹತ್ತಿರವಾಗುತ್ತ ಹೋಗುತ್ತದೆ. ನೂರನೆಯ ಉಬ್ಬು ತೊಂಬತ್ತೊಂಬತ್ತನೆಯದಕ್ಕಿಂತ ಶೇ. 1 ರಷ್ಟು ಮಾತ್ರ ಚಿಕ್ಕದು. ಗುಮ್ಮಟವನ್ನು ಬಿಡಲು ಮನಸ್ಸಿಲ್ಲದಿದ್ದರೆ ಈ ಭೇದವನ್ನು ತೋರಿಸಲು ಬಳಸಿ: ಅಲ್ಲಿ e⁻ˣ sin x ಇದೆ, ಇಲ್ಲಿ sin x / x ಇದೆ.

ತಿದ್ದಿ ಬೆಳಗಾವಿಯ ಇದೇ ವಿಳಾಸಕ್ಕೆ ಕಳಿಸಿ. ಐದು ಪುಟ ಮೀರದಿರಲಿ, ಗ್ರಾಫಿನ ಬದಲು ಆ ನಾಲ್ಕು ಉಬ್ಬುಗಳ ಕೋಷ್ಟಕವಿರಲಿ. ‘ಧನಾತ್ಮಕ’ ಎಂಬ ಷರತ್ತು ಪರೀಕ್ಷೆಯ ಮೊದಲ ಸಾಲಿನಲ್ಲೇ ಬರಲಿ.