ಬಲಗಿವಿಯ ಕಡೆ

“ಕಾಲೊನಿಯಲ್ಲಿ ಅಕ್ಕಪಕ್ಕದ ಮನೆಯ ಇಬ್ಬರು ವಯಸ್ಸಾದವರು ಸಂಜೆ ಜೊತೆಗೆ ವಾಕಿಂಗ್ ಹೋಗುತ್ತಾ ನಿಧಾನಕ್ಕೆ ಒಬ್ಬರನ್ನೊಬ್ಬರು ಮೆಚ್ಚಿಕೊಳ್ಳುವ ಸಣ್ಣಕತೆ ಬರೆದಿದ್ದೇನೆ. 2,500 ಪದ ಇದೆ. ಓದಿದವರೆಲ್ಲ ‘ಪ್ರೀತಿ ಯಾವಾಗ ಹುಟ್ಟಿತು ಅಂತಲೇ ಗೊತ್ತಾಗಲಿಲ್ಲ’ ಅಂತಾರೆ. ಎಲ್ಲಿ ತಿದ್ದಲಿ?”

ಕತೆ ಓದದೆ ಹೇಳುತ್ತಿದ್ದೇನೆ, ಆದರೂ ಇಂಥ ಕತೆಗಳು ಸೋಲುವ ಜಾಗ ಹೆಚ್ಚುಕಮ್ಮಿ ಒಂದೇ. ಇಬ್ಬರೂ ಮಾತಾಡುತ್ತಲೇ ಇರುತ್ತಾರೆ, ನಡಿಗೆ ಮಾತ್ರ ಹಿಂದೆ ಇಳಿಬಿಟ್ಟ ಪರದೆಯ ಹಾಗೆ ಬಿದ್ದಿರುತ್ತದೆ. ಒಂದು ಪರೀಕ್ಷೆ ಮಾಡಿ: ಅದೇ ಸಂಭಾಷಣೆಯನ್ನು ಬೆಂಚಿನ ಮೇಲೆ ಕೂರಿಸಿ ಆಡಿಸಿದರೆ ಕತೆಗೆ ಏನಾದರೂ ನಷ್ಟವಾಗುತ್ತದಾ? ಆಗದಿದ್ದರೆ ವಾಕಿಂಗ್ ಅಲ್ಲಿ ದಂಡಕ್ಕೆ ಇದೆ ಅಂತ ಅರ್ಥ.

ಮೊದಲು ಒಂದು ಹಾಳೆಯ ಮೇಲೆ ಅವರ ದಾರಿಯ ಗೆರೆ ಎಳೆದುಕೊಳ್ಳಿ. ಗೇಟು, ಎರಡು ತಿರುವು, ಒಂದು ನೀರಿನ ಟ್ಯಾಂಕು, ಮತ್ತೆ ಗೇಟು. ಒಂದು ಸುತ್ತು 600 ಮೀಟರ್ ಅಂತಿಟ್ಟುಕೊಂಡರೆ, ಆರಾಮಾಗಿ ನಡೆಯುವ ಹಿರಿಯರಿಗೆ ಸುಮಾರು ಹತ್ತು ನಿಮಿಷ. ಈ ಲೆಕ್ಕ ಯಾಕೆ ಬೇಕು ಅಂದರೆ, ಹತ್ತು ನಿಮಿಷದಲ್ಲಿ ಇಬ್ಬರು ಆಡುವ ಮಾತನ್ನೆಲ್ಲ ಬರೆದರೆ ಅಲ್ಲಿಗೇ ಸಾವಿರ ಪದ ಮುಗಿದಿರುತ್ತದೆ. ಹಾಗಾಗಿ ಒಂದೊಂದು ವಾಕಿನಿಂದ ಟ್ಯಾಂಕಿನಿಂದ ತಿರುವಿನವರೆಗಿನ ಒಂದು ತುಂಡನ್ನಷ್ಟೇ ತೋರಿಸಬೇಕು. 2,500 ಪದಕ್ಕೆ ಐದು ವಾಕು ಸಾಕು. ಎಲ್ಲಕ್ಕೂ ಸಮನಾಗಿ ಐನೂರು ಹಂಚಬೇಡಿ. ಒಂದಕ್ಕೆ ಎಂಟುನೂರು ಹೋಗಲಿ, ಇನ್ನೊಂದು ನೂರರಲ್ಲಿ ಮುಗಿಯಲಿ.

ಈಗ ಮುಖ್ಯವಾದದ್ದು. ಒಂದು ದೈಹಿಕ ಅಡಚಣೆ ಆರಿಸಿಕೊಂಡು, ಅದರ ಸುತ್ತ ಇಬ್ಬರೂ ಬಾಯಿಬಿಟ್ಟು ಹೇಳದೆ ಹೊಂದಿಕೊಳ್ಳುವುದನ್ನು ತೋರಿಸಿ. ನಾನಾದರೆ ಕಿವಿಯನ್ನು ಆರಿಸುತ್ತೇನೆ. ಆತನಿಗೆ ಎಡಗಿವಿ ಸರಿಯಾಗಿ ಕೇಳಿಸದು. ಸುತ್ತು ಹಾಕುವಾಗ ಮನೆಗಳ ಸಾಲು ಎಡಕ್ಕಿದೆ, ವಾಹನ ಓಡಾಡುವ ರಸ್ತೆ ಬಲಕ್ಕೆ. ಆಕೆ ಮನೆಗಳ ಕಡೆ, ಅಂದರೆ ಆತನ ಎಡಕ್ಕೆ ನಡೆಯುತ್ತಿದ್ದಾಳೆ. ಮೊದಲ ವಾಕಿನಲ್ಲಿ ಆಕೆ “ನಿಮ್ಮ ಮಗಳು ಯಾವಾಗ ಬರ್ತಾಳೆ?” ಅಂದರೆ ಆತ “ಹೌದು ಹೌದು” ಅಂತಾನೆ. ಓದುಗನಿಗೆ ಇದು ತಮಾಷೆ, ಆಕೆಗೆ ಅಲಕ್ಷ್ಯ. ಎರಡನೆಯದರಲ್ಲಿ ಆಕೆಗೆ ವಿಷಯ ಹೊಳೆಯುತ್ತದೆ. ಏನೂ ಹೇಳದೆ, ಚಪ್ಪಲಿಗೆ ಕಲ್ಲು ಸಿಕ್ಕಿದವಳ ಹಾಗೆ ಒಂದು ಹೆಜ್ಜೆ ಹಿಂದೆ ಉಳಿದು ಬಲಕ್ಕೆ ಬರುತ್ತಾಳೆ. ಆದರೆ ಬಲಕ್ಕೆ ಬಂದರೆ ಆಕೆ ರಸ್ತೆಯ ಕಡೆಗಾದಳಲ್ಲ! ಒಂದು ಸ್ಕೂಟರು ಸೆರಗು ಸವರಿಕೊಂಡು ಹೋಗುತ್ತದೆ. ಆತ ಆಗಲೂ ಏನೂ ಅನ್ನುವುದಿಲ್ಲ. ಮಾರನೇ ದಿನ ಗೇಟು ದಾಟಿದ ಮೇಲೆ ಎಂದಿನಂತೆ ತಿರುಗದೆ ವಿರುದ್ಧ ದಿಕ್ಕಿಗೆ ತಿರುಗುತ್ತಾನೆ. ಈಗ ಮನೆಗಳು ಬಲಕ್ಕೆ ಬಂದವು. ಆಕೆ ಆತನ ಬಲಗಿವಿಯ ಪಕ್ಕವೂ ಇದ್ದಾಳೆ, ರಸ್ತೆಯಿಂದ ದೂರವೂ ಇದ್ದಾಳೆ. “ಇವತ್ತೇನು ಈ ಕಡೆ?” ಅಂತ ಆಕೆ ಕೇಳಿದರೆ ಆತ ಏನಾದರೊಂದು ಸುಳ್ಳು ಹೇಳಲಿ, “ಆ ಕಡೆ ಬಿಸಿಲು ಕಣ್ಣಿಗೆ ಹೊಡೆಯುತ್ತೆ” ಅಂತ. ಮೋಡ ಮುಚ್ಚಿದ ದಿನವಾದರೆ ಇನ್ನೂ ಒಳ್ಳೆಯದು.

ಪ್ರೀತಿ ಯಾವಾಗ ಹುಟ್ಟಿತು ಅಂತ ಕೇಳಿದವರು ಈ ತಿರುವನ್ನು ಬೆರಳಿಟ್ಟು ತೋರಿಸಬಲ್ಲರು. ಒಂದೇ ಎಚ್ಚರ: ‘ಆಕೆಯ ಸುರಕ್ಷತೆಗಾಗಿ ಆತ ದಿಕ್ಕು ಬದಲಿಸಿದ್ದ’ ಅಂತ ನಿರೂಪಕ ವಿವರಿಸಿದರೆ ಮುಗಿಯಿತು, ಎಲ್ಲ ಚಪ್ಪೆ. ಬದಲಿಗೆ ಎಡ-ಬಲ ಮೊದಲ ವಾಕಿನಲ್ಲೇ ಓದುಗನ ತಲೆಯಲ್ಲಿ ಕೂತಿರಬೇಕು. ಎರಡು ಸಲ, ಬೇರೆ ಯಾವುದೋ ನೆಪದಲ್ಲಿ ಹೇಳಿ: ಎಡಕ್ಕಿದ್ದ ಕಾಂಪೌಂಡಿನ ಬಳ್ಳಿ ಆಕೆಯ ಕೈಗೆ ತಾಗುತ್ತಿತ್ತು, ಹೀಗೆ.

ಇನ್ನು ವೇಗ. ಜೊತೆ ನಡೆಯುವವರಲ್ಲಿ ಯಾರೋ ಒಬ್ಬರು ತಮ್ಮ ನಡಿಗೆಯನ್ನು ತಗ್ಗಿಸಿಕೊಂಡಿರುತ್ತಾರೆ, ಅದು ಅವರಿಗೇ ತಿಳಿದಿರುವುದಿಲ್ಲ. ಮೂರನೆಯ ವಾಕಿನ ನಂತರ ಆಕೆ ಎರಡು ದಿನ ಬರದಿರಲಿ. ಕಾರಣ ಸಣ್ಣದಿರಲಿ, ಮನೆಗೆ ನೆಂಟರು ಬಂದಿದ್ದಾರೆ ಅಷ್ಟೆ. ಆತ ಒಬ್ಬನೇ ಹೋಗಿ ಎಂಟು ನಿಮಿಷಕ್ಕೇ ಗೇಟಿಗೆ ವಾಪಸ್ ಬಂದು, ಗಡಿಯಾರ ನೋಡಿ, ಇನ್ನೇನು ಮಾಡುವುದು ಅಂತ ತಿಳಿಯದೆ ನಿಲ್ಲುತ್ತಾನೆ. ಆ ಎರಡು ನಿಮಿಷ ಸಾಕು. ಇಲ್ಲಿ ಹೆಚ್ಚಿನವರು ಎದೆನೋವು, ಆಂಬುಲೆನ್ಸು ತರುತ್ತಾರೆ. ಆಸ್ಪತ್ರೆ ಬಂದ ತಕ್ಷಣ ಓದುಗನಿಗೆ ಬದುಕುತ್ತಾರಾ ಇಲ್ಲವಾ ಅನ್ನುವುದೇ ಪ್ರಶ್ನೆಯಾಗುತ್ತದೆ, ನೀವು ಕಷ್ಟಪಟ್ಟು ಕಟ್ಟಿದ ಪ್ರಶ್ನೆ ಹಿಂದಕ್ಕೆ ಸರಿಯುತ್ತದೆ. ಮಕ್ಕಳ ವಿರೋಧದ್ದೂ ಇದೇ ಕತೆ. ಅದನ್ನು ತಂದರೆ 2,500 ಪದದಲ್ಲಿ ಸಂಭಾಳಿಸಲಾಗದು.

ಕನ್ನಡದಲ್ಲಿ ಬರೆಯುವುದರಿಂದಲೇ ಬರುವ ಒಂದು ಪೇಚು ಇದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಹಿರಿಯರು ಅಂತ ಇಬ್ಬರಿಗೂ ‘ಅವರು’ ಹಾಕಿದರೆ ‘ಅವರು ನಿಂತರು, ಅವರ ಕೈ ನಡುಗಿತು’ ಅನ್ನುವಾಗ ನಿಂತದ್ದು ಯಾರು, ನಡುಗಿದ್ದು ಯಾರ ಕೈ? ಬಹುವಚನದ ಗೌರವದಲ್ಲಿ ಗಂಡು-ಹೆಣ್ಣೂ ಹೋಯಿತು, ಒಬ್ಬರೋ ಇಬ್ಬರೋ ಅನ್ನುವುದೂ ಹೋಯಿತು. ‘ಅವನು-ಅವಳು’ ಅಂದರೆ ಇಪ್ಪತ್ತರ ಹುಡುಗರ ಹಾಗೆ ಕೇಳಿಸುತ್ತದೆ. ‘ಆತ-ಆಕೆ’ ಮಧ್ಯದ ದಾರಿ: ಕ್ರಿಯಾಪದ ಏಕವಚನದಲ್ಲೇ ಇರುತ್ತದೆ, ಗೌರವವೂ ತೀರ ಕೆಡುವುದಿಲ್ಲ. ಹೀಗೆ ಬರೆದುಕೊಂಡು ಬಂದರೆ ಇನ್ನೊಂದು ಲಾಭವಿದೆ. ಕೊನೆಯ ವಾಕಿನಲ್ಲಿ ಮೊದಲ ಸಲ ‘ಅವರು’ ಅಂತ ಬರೆದಾಗ ಅದು ಇಬ್ಬರಿಗೂ ಸೇರಿದ ಒಂದೇ ಪದವಾಗಿ ಕೇಳುತ್ತದೆ.

ಸಂಭಾಷಣೆಯಲ್ಲಿ ‘ನೀವು’ ಕೊನೆಯವರೆಗೂ ‘ನೀವು’ ಆಗಿಯೇ ಇರಲಿ. ಆ ವಯಸ್ಸಿನ ನೆರೆಯವರು ಒಮ್ಮೆಗೇ ‘ನೀನು’ಗೆ ಇಳಿದರೆ ಸುಳ್ಳೆನಿಸುತ್ತದೆ. ‘ರೀ’ ಕೂಡ ಜೋಪಾನ, ಆಕೆಯ ಬಾಯಲ್ಲಿ ಅದು ಬಂದರೆ ಓದುಗ ಆಗಲೇ ಮದುವೆ ಮುಗಿಸಿಬಿಟ್ಟಿರುತ್ತಾನೆ. ಬದಲಾವಣೆಯನ್ನು ಕ್ರಿಯಾಪದದಲ್ಲಿ ತನ್ನಿ. ಮೊದಲಿಗೆ “ನಾಳೆ ವಾಕಿಂಗಿಗೆ ಬರ್ತೀರಾ ಮೇಷ್ಟ್ರೇ?”, ಆಮೇಲೆ “ನಾಳೆ ಬರ್ತೀರಲ್ಲ?”, ಕಡೆಗೆ “ನಾಳೆ ಸ್ವಲ್ಪ ಬೇಗ ಹೊರಡೋಣ.” ಮೇಷ್ಟ್ರು ಉದುರಿಹೋದರು, ಪ್ರಶ್ನೆ ಸಡಿಲವಾಯಿತು, ಕೊನೆಗೆ ‘ಓಣ’ ಬಂದು ಕೂತಿತು. ಈ ಮೂರು ಮಾತುಗಳ ನಡುವೆ ಕನಿಷ್ಠ ಒಂದೊಂದು ವಾಕಿನ ಅಂತರ ಇರಲಿ.

ಕಾಲ ಸರಿದದ್ದನ್ನು ‘ಮೂರು ತಿಂಗಳು ಕಳೆದವು’ ಅಂತ ಹೇಳುವ ಬದಲು ಹೊರಡುವ ಹೊತ್ತನ್ನು ಆರು ಗಂಟೆಗೇ ನಿಲ್ಲಿಸಿ, ಬೆಳಕನ್ನು ಸರಿಸಿ. ಮೊದಲ ವಾಕಿನಲ್ಲಿ ಬೀದಿದೀಪ ಹತ್ತುವುದು ಮನೆ ತಲುಪಿದ ಮೇಲೆ, ಮೂರನೆಯದರಲ್ಲಿ ಟ್ಯಾಂಕಿನ ಹತ್ತಿರ, ಐದನೆಯದರಲ್ಲಿ ಹೊರಡುವಾಗಲೇ ಹತ್ತಿರುತ್ತದೆ.

ಕೊನೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಯಸ್ಸಾದ ಕೆಲವರಿಗೆ ನಡೆಯುತ್ತಾ ಮಾತಾಡುವುದು ಕಷ್ಟ, ಏನಾದರೂ ಹೇಳಬೇಕಾದರೆ ಕಾಲು ತಾನಾಗಿ ನಿಲ್ಲುತ್ತದೆ. ಇದನ್ನು ಎರಡನೆಯ ವಾಕಿನಲ್ಲಿ ಆಕೆಯ ಸಣ್ಣ ಕಿರಿಕಿರಿಯಾಗಿ ತನ್ನಿ: ಮಾತಿಗೊಮ್ಮೆ ನಿಲ್ಲುವ ಈ ಮನುಷ್ಯನ ಜೊತೆ ಸುತ್ತು ಮುಗಿಯುವುದು ಯಾವಾಗ ಅಂತ. ಐದನೆಯದರಲ್ಲಿ ಆತ ಟ್ಯಾಂಕಿನ ಹತ್ತಿರ ನಿಲ್ಲಲಿ. ಆಕೆ ತಾನೂ ನಿಂತು, ಆತನ ಬಲಗಿವಿಯ ಕಡೆ, ಕಾಯಲಿ. ಆತ ಏನು ಹೇಳಿದ ಅನ್ನುವ ಸಾಲು ನಿಮ್ಮ ಈಗಿನ ಪ್ರತಿಯಲ್ಲಿದ್ದರೆ ಹೊಡೆದುಹಾಕಿ.