ಸಿಇಟಿ ರ‍್ಯಾಂಕ್ ಗುರಿಯಿಂದ ಹಿಂದಕ್ಕೆ ಲೆಕ್ಕ ಹಾಕಿ ವಾರದ, ದಿನದ ಗುರಿ ಇಟ್ಟುಕೊಳ್ಳುವುದು ಹೇಗೆ?

ಪ್ರಶ್ನೆ: ದ್ವಿತೀಯ ಪಿಯುಸಿ ಪಿಸಿಎಂ ಓದುತ್ತಿದ್ದೇನೆ. ಎಂಜಿನಿಯರಿಂಗ್ ಸಿಇಟಿಯಲ್ಲಿ 8,000ದ ಒಳಗೆ ರ‍್ಯಾಂಕ್ ಬೇಕು. ಮಾಕ್ ಟೆಸ್ಟ್‌ನಲ್ಲಿ 180ಕ್ಕೆ ಸುಮಾರು 82 ಬರುತ್ತಿದೆ. ಇನ್ನು 16 ವಾರ ಇದೆ. ವಾರಕ್ಕೆ ಎಷ್ಟು ಅಂಕ ಏರಿಸಬೇಕು, ದಿನಕ್ಕೆ ಎಷ್ಟು ಗಂಟೆ ಓದಬೇಕು?

ಉತ್ತರ:

ಮೊದಲು ರ‍್ಯಾಂಕನ್ನು ಅಂಕಕ್ಕೆ ಇಳಿಸಬೇಕು. ಎಂಜಿನಿಯರಿಂಗ್ ರ‍್ಯಾಂಕ್ ಬರೀ ಸಿಇಟಿ ಅಂಕದಿಂದ ಬರುವುದಿಲ್ಲ. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಶೇಕಡಾವಾರು ಅರ್ಧ, ಸಿಇಟಿಯ ಶೇಕಡಾವಾರು ಇನ್ನರ್ಧ. ಆದ್ದರಿಂದ ನಿಮ್ಮ ಗುರಿಯನ್ನು ಈ ಎರಡರ ಸರಾಸರಿಯಾಗಿ ಬರೆದುಕೊಳ್ಳಿ. ಆ ಸರಾಸರಿ ಎಷ್ಟಿರಬೇಕು ಎಂದು ತಿಳಿಯಲು ನಿಮ್ಮ ಕಾಲೇಜಿನಲ್ಲಿ ಕಳೆದ ವರ್ಷ ಬರೆದ ಎಂಟು ಹತ್ತು ಸೀನಿಯರ್‌ಗಳನ್ನು ಕೇಳಿ. ಬೋರ್ಡ್ ಪಿಸಿಎಂ ಅಂಕ, ಸಿಇಟಿ ಅಂಕ, ರ‍್ಯಾಂಕ್, ಈ ಮೂರೇ ಸಾಕು. ರ‍್ಯಾಂಕ್ 6,000ದಿಂದ 10,000ದ ನಡುವೆ ಇರುವವರು ಮೂರ್ನಾಲ್ಕು ಜನ ಸಿಕ್ಕರೂ ಗುರಿ ಸ್ಪಷ್ಟವಾಗುತ್ತದೆ. ಒಂದು ಎಚ್ಚರಿಕೆ: 2024ರಲ್ಲಿ ಪಠ್ಯಕ್ರಮದಾಚೆಯ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟಿದ್ದರು. ಹಾಗಾಗಿ ಆ ವರ್ಷದವರ ಅಂಕವನ್ನು 180ಕ್ಕೆ ಎಂದುಕೊಂಡು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

8,000 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬುದನ್ನೂ ಒಮ್ಮೆ ನೋಡಿ. ಕೆಇಎ ಪ್ರಕಟಿಸುವ ಕಟಾಫ್ ರ‍್ಯಾಂಕ್ ಕಾಲೇಜು, ಬ್ರ್ಯಾಂಚ್, ಮೀಸಲಾತಿ ವರ್ಗ, ಸುತ್ತು ಇವಕ್ಕೆ ತಕ್ಕಂತೆ ಬೇರೆಬೇರೆ ಇರುತ್ತದೆ. ಕೊನೆಯ ಸುತ್ತಿನ ಕಟಾಫನ್ನು ಗುರಿ ಮಾಡಿಕೊಳ್ಳಬೇಡಿ. ಬೇರೆಯವರು ಸೀಟು ಬಿಟ್ಟರೆ ಮಾತ್ರ ಅದು ಅಷ್ಟು ದೂರ ಹೋಗುತ್ತದೆ, ಮತ್ತು ಅದು ಪ್ರತಿ ವರ್ಷ ಒಂದೇ ರೀತಿ ನಡೆಯುವುದಿಲ್ಲ. ನಿಮ್ಮ ವರ್ಗದ ಮೊದಲ ಸುತ್ತಿನ ಮೂರು ವರ್ಷದ ಕಟಾಫ್ ತೆಗೆದು, ಅವುಗಳಲ್ಲಿ ಅತಿ ಬಿಗಿಯಾದದ್ದನ್ನು ಹಿಡಿಯಿರಿ.

ಈಗ ಲೆಕ್ಕ. ಸೀನಿಯರ್‌ಗಳ ಅಂಕ ನೋಡಿದಾಗ ಸರಾಸರಿ 75 ಬೇಕು ಎಂದು ಕಂಡಿತು ಎಂದಿಟ್ಟುಕೊಳ್ಳೋಣ. ಇದು ಉದಾಹರಣೆಗೆ ಹಿಡಿದ ಸಂಖ್ಯೆ, ನಿಮ್ಮದನ್ನು ನೀವು ಹಾಕಿಕೊಳ್ಳಿ. ಬೋರ್ಡ್‌ನಲ್ಲಿ 300ಕ್ಕೆ 270, ಅಂದರೆ ಶೇ. 90 ಬರುತ್ತದೆ ಎಂದರೆ ಸಿಇಟಿಯಲ್ಲಿ ಶೇ. 60 ಬೇಕು, ಅಂದರೆ 108 ಅಂಕ. ಬೋರ್ಡ್‌ನಲ್ಲಿ 285 ಬಂದರೆ ಸಿಇಟಿಯಲ್ಲಿ 99 ಸಾಕು. ಬೋರ್ಡ್‌ನ ಪ್ರತಿ 3 ಅಂಕ ಸಿಇಟಿಯ 1.8 ಅಂಕಕ್ಕೆ ಸಮ. ಬೋರ್ಡ್‌ನಲ್ಲಿ ಈಗ 240ರ ಆಸುಪಾಸಿನಲ್ಲಿ ಇರುವವರಿಗೆ ಅಲ್ಲಿಯೇ 20-30 ಅಂಕ ಏರಿಸುವುದು ಸುಲಭ, ಏಕೆಂದರೆ ಪ್ರಶ್ನೆಯ ಮಾದರಿ ಗೊತ್ತಿರುತ್ತದೆ. ಈಗಾಗಲೇ 285ರಲ್ಲಿ ಇರುವವರು ಬೋರ್ಡ್‌ಗೆ ಇನ್ನಷ್ಟು ಸಮಯ ಸುರಿಯುವುದರಿಂದ ಹೆಚ್ಚೇನೂ ಸಿಗದು. ನೀವು ಎಲ್ಲಿದ್ದೀರಿ ಎಂಬುದನ್ನು ಪ್ರಿಪರೇಟರಿ ಅಂಕದಿಂದ ನಿರ್ಧರಿಸಿ, ಆಸೆಯಿಂದಲ್ಲ.

108ರ ಮೇಲೆ 6 ಅಂಕ ಸೇರಿಸಿ 114 ಎಂದಿಟ್ಟುಕೊಳ್ಳಿ. ಆ ಆರು ಅಂಕ ಪರೀಕ್ಷೆಯ ದಿನದ ಏರುಪೇರಿಗೆ. ನಿಮ್ಮ 82ರಿಂದ ಅಲ್ಲಿಗೆ 32 ಅಂಕದ ಅಂತರ. ಆದರೆ ಅದನ್ನು 16ರಿಂದ ಭಾಗಿಸಬೇಡಿ. ನಡುವೆ ಬೋರ್ಡ್ ಪರೀಕ್ಷೆಗೆ ಮೂರು ವಾರ ಹೋಗುತ್ತದೆ. ಕೊನೆಯ ಮೂರು ವಾರದಲ್ಲಿ ಹೊಸ ಪಾಠ ಶುರು ಮಾಡುವ ಹಾಗಿಲ್ಲ, ಪುನರಾವರ್ತನೆ ಮತ್ತು ಪೂರ್ಣ ಮಾಕ್‌ಗಳಿಗೇ ಅದು ಬೇಕು. ನಿಜವಾಗಿ ಏರಿಕೆ ತರುವ ವಾರ ಹತ್ತು. ವಾರಕ್ಕೆ 3.2 ಅಂಕ.

ಇಲ್ಲಿಯೇ ಹೆಚ್ಚಿನವರು ಎಡವುವುದು. ವಾರಕ್ಕೆ 3 ಅಂಕ ಎಂದು ಗೋಡೆಗೆ ಅಂಟಿಸಿ ಪ್ರತಿ ಭಾನುವಾರ ಮಾಕ್ ಬರೆದು ಹೋಲಿಸುತ್ತಾರೆ. ಈ ವಾರ 89, ಮುಂದಿನ ವಾರ 81, ಅಲ್ಲಿಗೆ ಧೈರ್ಯ ಕುಸಿಯುತ್ತದೆ. ನಿಮ್ಮ ತಯಾರಿ ಒಂದಿಷ್ಟೂ ಬದಲಾಗದಿದ್ದರೂ 180 ಪ್ರಶ್ನೆಯ ಪತ್ರಿಕೆಯಲ್ಲಿ ಅದೃಷ್ಟ ಒಂದರಿಂದಲೇ ಅಂಕ ಐದರಷ್ಟು ಆಚೀಚೆ ಆಗುವುದು ಮಾಮೂಲು, ಕೆಲವೊಮ್ಮೆ ಒಂಬತ್ತರವರೆಗೂ ಹೋಗುತ್ತದೆ. ಮೂರು ಅಂಕದ ಏರಿಕೆಯನ್ನು ಐದು ಅಂಕ ಅಲುಗಾಡುವ ಮಾಪಕದಲ್ಲಿ ಅಳೆಯಲು ಆಗುವುದಿಲ್ಲ. ಆದ್ದರಿಂದ ಮಾಕ್ ಅಂಕವನ್ನು ಯಾವಾಗಲೂ ಕೊನೆಯ ಮೂರರ ಸರಾಸರಿಯಾಗಿ ಮಾತ್ರ ನೋಡಿ. ವಾರದ ಗುರಿಯನ್ನು ಅಂಕದಲ್ಲಿ ಇಡದೆ, ಹೊಸದಾಗಿ ಎಷ್ಟು ಪ್ರಶ್ನೆ ನಿಮ್ಮ ಕೈಗೆ ಬಂತು ಎಂಬುದರಲ್ಲಿ ಇಡಿ.

ಅದನ್ನು ಹೀಗೆ ಕಂಡುಹಿಡಿಯಿರಿ. ಸಿಇಟಿಯಲ್ಲಿ ಋಣಾತ್ಮಕ ಅಂಕ ಇಲ್ಲ, ನಾಲ್ಕು ಆಯ್ಕೆ ಇರುತ್ತವೆ. ಗೊತ್ತಿಲ್ಲದ ಪ್ರಶ್ನೆಗೂ ಗುರುತು ಹಾಕಿದರೆ ಸರಾಸರಿ ಕಾಲು ಅಂಕ ಬರುತ್ತದೆ. ಗೊತ್ತಿರುವ ಪ್ರಶ್ನೆಯಲ್ಲಿ ಹತ್ತಕ್ಕೆ ಒಂಬತ್ತು ಸರಿಯಾಗುತ್ತವೆ ಎಂದು ಹಿಡಿದರೆ ಅದಕ್ಕೆ 0.9. ಅಂದರೆ ಗೊತ್ತಿಲ್ಲದ ಒಂದು ಪ್ರಶ್ನೆ ಗೊತ್ತಿರುವ ಪ್ರಶ್ನೆಯಾದರೆ ನಿಮಗೆ ಸಿಗುವುದು ಒಂದು ಅಂಕವಲ್ಲ, 0.65 ಮಾತ್ರ. 180ಕ್ಕೂ ಕಣ್ಣುಮುಚ್ಚಿ ಗುರುತು ಹಾಕಿದರೆ 45 ಬರುತ್ತದೆ. ನಿಮ್ಮ 82ರಲ್ಲಿ ಉಳಿದ 37ನ್ನು 0.65ರಿಂದ ಭಾಗಿಸಿದರೆ 57. ಅಂದರೆ ಇಂದು ನಿಮಗೆ ನಿಜವಾಗಿ ಬರುವುದು 57 ಪ್ರಶ್ನೆ. 114ಕ್ಕೆ ಅದೇ ಲೆಕ್ಕದಲ್ಲಿ 106 ಬೇಕು. ಹೊಸದಾಗಿ ಗಳಿಸಬೇಕಾದದ್ದು 49 ಪ್ರಶ್ನೆ, ಹತ್ತು ವಾರಕ್ಕೆ ಹಂಚಿದರೆ ವಾರಕ್ಕೆ ಐದು.

ಆ 0.9 ನಿಮಗೆ ಅನ್ವಯಿಸುತ್ತದೆಯೇ ಎಂದು ಮುಂದಿನ ಮಾಕ್‌ನಲ್ಲೇ ಪರೀಕ್ಷಿಸಿ. ಉತ್ತರ ಗುರುತಿಸುವಾಗಲೇ ಪಕ್ಕದಲ್ಲಿ ‘ಖಚಿತ’, ‘ಅನುಮಾನ’, ‘ಊಹೆ’ ಎಂದು ಒಂದೊಂದು ಚಿಹ್ನೆ ಹಾಕಿ. ಕೀ ಉತ್ತರ ನೋಡಿದ ಮೇಲೆ ಹಾಕಿದರೆ ಪ್ರಯೋಜನವಿಲ್ಲ, ಆಗ ಎಲ್ಲವೂ ಗೊತ್ತಿದ್ದಂತೆಯೇ ಕಾಣುತ್ತದೆ. ‘ಖಚಿತ’ ಎಂದು ಹಾಕಿದ 60ರಲ್ಲಿ 46 ಮಾತ್ರ ಸರಿಯಿದ್ದರೆ ತೊಂದರೆ ಹೊಸ ಪಾಠದಲ್ಲಿಲ್ಲ. ಪ್ಲಸ್-ಮೈನಸ್ ತಪ್ಪುವುದು, ಏಕಮಾನ ಬದಲಿಸದಿರುವುದು, ‘ಇವುಗಳಲ್ಲಿ ಯಾವುದು ಸರಿಯಲ್ಲ’ ಎಂಬುದನ್ನು ‘ಸರಿ’ ಎಂದು ಓದುವುದು, ಇಂಥವು ಎಂಟು ಹತ್ತು ಅಂಕ ತಿನ್ನುತ್ತಿವೆ ಎಂದರ್ಥ. ಮೊದಲ ಎರಡು ವಾರ ಅದನ್ನೇ ಸರಿಪಡಿಸಿ. ಹಾಗೆಯೇ ಗಣಿತದಲ್ಲಿ 60 ಪ್ರಶ್ನೆಗೆ 80 ನಿಮಿಷ, ಒಂದಕ್ಕೆ 80 ಸೆಕೆಂಡು. ಕೊನೆಯ ಹದಿನೈದನ್ನು ಓದದೆಯೇ ತುಂಬುತ್ತಿದ್ದರೆ ಅವುಗಳಲ್ಲಿ ನಿಮಗೆ ಬರುವಂಥವೂ ಇರುತ್ತವೆ. ಮೊದಲ ಸುತ್ತಿನಲ್ಲಿ ಎರಡು ನಿಮಿಷ ದಾಟುವ ಯಾವ ಲೆಕ್ಕವನ್ನೂ ಹಿಡಿದು ಕೂರದೆ ಮುಂದೆ ಹೋಗುವುದನ್ನು ರೂಢಿಸಿಕೊಳ್ಳಿ.

ಇನ್ನು ವಾರಕ್ಕೆ ಐದು ಪ್ರಶ್ನೆ ಎಲ್ಲಿಂದ ಎಂಬುದು. ಹಿಂದಿನ ನಾಲ್ಕೈದು ವರ್ಷದ ಪತ್ರಿಕೆ ತೆಗೆದು ಪ್ರತಿ ಪಾಠದಿಂದ ವರ್ಷಕ್ಕೆ ಸರಾಸರಿ ಎಷ್ಟು ಪ್ರಶ್ನೆ ಬಂದಿವೆ ಎಂದು ನೀವೇ ಎಣಿಸಿ. ಯಾರೋ ಮಾಡಿಕೊಟ್ಟ ಪಟ್ಟಿಗಿಂತ ನೀವೇ ಎಣಿಸುವುದು ಒಳ್ಳೆಯದು, ಏಕೆಂದರೆ ಎಣಿಸುವಾಗಲೇ ಯಾವ ಬಗೆಯ ಪ್ರಶ್ನೆ ಮರುಕಳಿಸುತ್ತದೆ ಎಂಬುದು ಕಣ್ಣಿಗೆ ಬೀಳುತ್ತದೆ. ಪ್ರಥಮ ಪಿಯುಸಿ ಪಾಠಗಳನ್ನೂ ಸೇರಿಸಿ. ಆಮೇಲೆ ಪ್ರತಿ ಪಾಠಕ್ಕೂ ಬರುವ ಪ್ರಶ್ನೆಯಲ್ಲಿ ಈಗ ನಿಮಗೆ ಬರುವುದನ್ನು ಕಳೆಯಿರಿ. ನಾಲ್ಕು ಪ್ರಶ್ನೆ ಬರುವ ಪಾಠದಲ್ಲಿ ನಿಮಗೆ ಒಂದು ಬರುತ್ತಿದ್ದರೆ ಅಲ್ಲಿ ಮೂರು ಬಾಕಿ. ಆ ಮೂರನ್ನು ಗಳಿಸಲು ಬೇಕಾಗುವ ಗಂಟೆಯಿಂದ ಭಾಗಿಸಿ ಪಾಠಗಳ ಸರದಿ ಮಾಡಿ. ಆಧುನಿಕ ಭೌತಶಾಸ್ತ್ರದ ಚಿಕ್ಕ ಪಾಠಗಳು, ಅರೆವಾಹಕ, ಲೀನಿಯರ್ ಪ್ರೋಗ್ರಾಮಿಂಗ್ ಇಂಥವು ಸಾಮಾನ್ಯವಾಗಿ ಮೇಲೆ ಬರುತ್ತವೆ. ಅನುಕಲನದಲ್ಲಿ ಬಾಕಿ ಹೆಚ್ಚಿದ್ದರೂ ಗಂಟೆಯೂ ಹೆಚ್ಚು ಬೇಕು, ಅದನ್ನು ಎರಡು ವಾರಕ್ಕೆ ಹರಡಿ. ಸಾಮಾನ್ಯವಾಗಿ ವಾರಕ್ಕೆ ಎರಡು ಪಾಠ ಸೇರಿದರೆ ಐದು ಪ್ರಶ್ನೆ ಆಗುತ್ತದೆ.

ಒಂದು ಪಾಠ ಕೈಗೆ ಬಂತು ಎಂದು ಯಾವಾಗ ಬರೆದುಕೊಳ್ಳಬೇಕು? ಓದಿದ ದಿನವಲ್ಲ. ಏಳು ದಿನ ಬಿಟ್ಟು ಅದೇ ಪಾಠದ ನೋಡಿರದ 20 ಪ್ರಶ್ನೆಯನ್ನು 27 ನಿಮಿಷದಲ್ಲಿ ಬಿಡಿಸಿ 16 ಅಥವಾ ಹೆಚ್ಚು ಸರಿ ಬಂದರೆ ಮಾತ್ರ. ಓದಿದ ಸಂಜೆಯೇ ಬರೆದ ಟೆಸ್ಟ್‌ನಲ್ಲಿ 18 ಬರುವುದು, ವಾರದ ನಂತರ 11ಕ್ಕೆ ಇಳಿಯುವುದು ತೀರಾ ಸಹಜ. ಆ 18ನ್ನು ನಂಬಿ ಮುಂದೆ ಹೋದವರ ಪಟ್ಟಿಯಲ್ಲಿ ಪಾಠಗಳೆಲ್ಲ ಮುಗಿದಿರುತ್ತವೆ, ಮಾಕ್ ಅಂಕ ಮಾತ್ರ ಏರಿರುವುದಿಲ್ಲ.

ದಿನದ ಗಂಟೆಯೂ ಇದರಿಂದಲೇ ಬರುತ್ತದೆ. ಒಂದು ಪಾಠಕ್ಕೆ ಪಠ್ಯ ಓದಲು ಎರಡು ಗಂಟೆ, 70-80 ಪ್ರಶ್ನೆ ಬಿಡಿಸಿ ತಪ್ಪು ತಿದ್ದಲು ಐದು ಗಂಟೆ, ವಾರದ ನಂತರದ ಟೆಸ್ಟ್ ಮತ್ತು ತಿದ್ದುಪಡಿಗೆ ಒಂದು, ಒಟ್ಟು ಎಂಟು. ಎರಡು ಪಾಠಕ್ಕೆ 16. ಪೂರ್ಣ ಮಾಕ್‌ಗೆ ನಾಲ್ಕು, ಅದರ ವಿಶ್ಲೇಷಣೆಗೆ ಮೂರು, ಹಳೆಯ ಪಾಠಗಳ ಮೆಲುಕಿಗೆ ಮೂರು. ಒಟ್ಟು 26 ಗಂಟೆ. ಕಾಲೇಜಿರುವ ಆರು ದಿನ ಮೂರು ಗಂಟೆ, ಭಾನುವಾರ ಎಂಟು ಗಂಟೆ. ಇದು ಸಿಇಟಿಗಷ್ಟೇ. ಬೋರ್ಡ್‌ನ ವಿವರಣಾತ್ಮಕ ಉತ್ತರದ ಅಭ್ಯಾಸ ಇದರ ಹೊರಗೆ. ಮೊದಲ ಎರಡು ವಾರ ಪ್ರತಿ ಪಾಠಕ್ಕೆ ನಿಮಗೆ ನಿಜವಾಗಿ ಎಷ್ಟು ಗಂಟೆ ಹಿಡಿಯಿತು ಎಂದು ಬರೆದಿಟ್ಟು ನನ್ನ ಎಂಟರ ಜಾಗದಲ್ಲಿ ಆ ಸಂಖ್ಯೆ ಹಾಕಿ. ವಾರಕ್ಕೆ 22-23 ಗಂಟೆಯಷ್ಟೇ ಸಿಗುವುದಾದರೆ ಮಾಕ್ ಅನ್ನು ಎರಡು ವಾರಕ್ಕೊಮ್ಮೆ ಮಾಡಿ. ಪಾಠವನ್ನಾಗಲಿ ವಿಶ್ಲೇಷಣೆಯನ್ನಾಗಲಿ ಕಡಿಮೆ ಮಾಡಬೇಡಿ. ವಿಶ್ಲೇಷಿಸದ ಮಾಕ್ ಬರೆಯುವುದು ನಾಲ್ಕು ಗಂಟೆ ಕಳೆದುಕೊಂಡಂತೆ ಎಂಬುದು ನನ್ನ ದೃಢ ಅಭಿಪ್ರಾಯ. ಬೋರ್ಡ್ ಪರೀಕ್ಷೆಯ ವಾರಗಳಲ್ಲೂ ದಿನಕ್ಕೆ 30 ಬಹು ಆಯ್ಕೆ ಪ್ರಶ್ನೆ ಬಿಡಬೇಡಿ, ಇಲ್ಲವಾದರೆ ವೇಗ ಇಳಿದುಹೋಗುತ್ತದೆ.

ಐದನೇ ವಾರದ ಕೊನೆಗೆ ಒಮ್ಮೆ ಕಟ್ಟುನಿಟ್ಟಾಗಿ ಲೆಕ್ಕ ನೋಡಿ. ಕೊನೆಯ ಮೂರು ಮಾಕ್‌ಗಳ ಸರಾಸರಿ 98ರ ಹತ್ತಿರ ಇರಬೇಕು. 95ರಿಂದ 101 ಇದ್ದರೆ ಏನನ್ನೂ ಬದಲಿಸಬೇಡಿ. 92 ಇದ್ದರೆ ನಿಮ್ಮ ನಿಜವಾದ ವೇಗ ವಾರಕ್ಕೆ ಎರಡು ಅಂಕ, ಹತ್ತನೇ ವಾರಕ್ಕೆ 102 ಆಗುತ್ತದೆ. ಏರುಪೇರಿನ ಆರು ಕಳೆದರೆ 96, ಅಂದರೆ ಸಿಇಟಿಯಲ್ಲಿ ಶೇ. 53.3. ಸರಾಸರಿ 75 ಆಗಬೇಕಾದರೆ ಬೋರ್ಡ್‌ನಲ್ಲಿ 300ಕ್ಕೆ 290 ಬೇಕು. ಅದು ನಿಮ್ಮಿಂದ ಸಾಧ್ಯವೆಂದು ಪ್ರಿಪರೇಟರಿ ಅಂಕ ಹೇಳಿದರೆ ಬೋರ್ಡ್ ಕಡೆಗೆ ಗಂಟೆ ತಿರುಗಿಸಿ. ಇಲ್ಲವಾದರೆ ಬೋರ್ಡ್ 270ರ ಜೊತೆ ಸರಾಸರಿ 71.7 ಆಗುತ್ತದೆ. ಆ ಸರಾಸರಿಗೆ ಯಾವ ರ‍್ಯಾಂಕ್ ಬಂದಿತ್ತು ಎಂದು ಅದೇ ಸೀನಿಯರ್‌ಗಳ ಪಟ್ಟಿಯಲ್ಲಿ ನೋಡಿ, ಆ ರ‍್ಯಾಂಕ್‌ಗೆ ಮೊದಲ ಸುತ್ತಿನಲ್ಲೇ ಸಿಗುವ ಕಾಲೇಜು ಮತ್ತು ಬ್ರ್ಯಾಂಚ್‌ಗಳನ್ನು ಈಗಲೇ ಬರೆದಿಟ್ಟುಕೊಳ್ಳಿ. ಆಪ್ಷನ್ ಎಂಟ್ರಿಯಲ್ಲಿ ನಿಮ್ಮ ಮೊದಲ ಆಸೆಯ ಕಾಲೇಜನ್ನು ಮೇಲೆಯೇ ಇಟ್ಟು, ಇವನ್ನು ಅದರ ಕೆಳಗೆ ನಿಮಗೆ ಇಷ್ಟವಾದ ಕ್ರಮದಲ್ಲಿ ಸೇರಿಸಿ.