ಗೆರೆ ಮೇಲಿದೆ, ಗಿರಾಕಿ ಯಾಕಿಲ್ಲ?

ಪ್ರಶ್ನೆ: ವಿಜಯನಗರದಲ್ಲಿ ನಮ್ಮದು ಬ್ಲೌಸ್ ಹೊಲಿಯುವ ಅಂಗಡಿ. ಒಬ್ಬ ಕಟಿಂಗ್ ಮಾಸ್ಟರ್, ಮೂವರು ಟೈಲರ್‌ಗಳು. ದಿನಕ್ಕೆ 10 ಬ್ಲೌಸ್ ಆಗುತ್ತೆ. ಸುತ್ತ ಬೊಟಿಕ್‌ಗಳು ಬಂದ ಮೇಲೆ ನಾವೂ ಆರಿ ವರ್ಕ್ ಶುರು ಮಾಡಿದ್ವಿ, ಎಸಿ ಹಾಕಿಸಿದ್ವಿ. ಒಂದು ತರಬೇತಿಯಲ್ಲಿ ಸ್ಟ್ರಾಟೆಜಿ ಕ್ಯಾನ್ವಾಸ್ ಬರೆಸಿದರು, ಅಂದರೆ ಗಿರಾಕಿ ನೋಡುವ ಅಂಶಗಳನ್ನು ಅಡ್ಡಗೆರೆಯ ಮೇಲೆ ಬರೆದು, ಒಂದೊಂದಕ್ಕೂ ನಮಗೂ ಪಕ್ಕದವರಿಗೂ ಅಂಕ ಹಾಕಿ, ಚುಕ್ಕೆಗಳನ್ನು ಗೆರೆಯಾಗಿ ಸೇರಿಸುವ ಚಿತ್ರ. ಗುಣಮಟ್ಟ, ಸೇವೆ, ಅನುಭವ, ಡಿಸೈನ್, ಬೆಲೆ, ಎಲ್ಲದರಲ್ಲೂ ನಮ್ಮ ಗೆರೆಯೇ ಮೇಲೆ ಬಂತು. ಆದರೆ ಹಳೇ ಗಿರಾಕಿಗಳೇ ಕಮ್ಮಿ ಆಗ್ತಿದ್ದಾರೆ. ಯಾರೂ ಪೈಪೋಟಿಗೆ ಇಳಿಯದ ಜಾಗವನ್ನು ಇದರಲ್ಲಿ ಹುಡುಕೋದು ಹೇಗೆ?
— ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಕ್ಯಾನ್ವಾಸನ್ನು ಪಕ್ಕದ ಬೊಟಿಕ್‌ನವರು ತುಂಬಿದ್ದರೆ ಅವರ ಗೆರೆ ಮೇಲೆ ಬರುತ್ತಿತ್ತು, ಅಲ್ವಾ? ಅಂಗಡಿಯವರೇ ಕೂತು ಅಂಕ ಹಾಕಿಕೊಂಡರೆ ಆಗುವುದೇ ಹೀಗೆ. ಅದಕ್ಕಿಂತ ದೊಡ್ಡ ತೊಂದರೆ ಅಡ್ಡಗೆರೆಯ ಮೇಲೆ ನೀವು ಬರೆದ ಮಾತುಗಳಲ್ಲಿದೆ. ‘ಗುಣಮಟ್ಟ’, ‘ಸೇವೆ’ ಇವೆಲ್ಲ ಬೋರ್ಡಿನ ಮೇಲೆ ಬರೆಸುವ ಮಾತು. ಬ್ಲೌಸ್ ಕೊಡಲು ಬಂದವರ ತಲೆಯಲ್ಲಿ ಓಡುವುದು ಬೇರೆ. ‘ಶುಕ್ರವಾರ ಅಂದವರು ಶುಕ್ರವಾರ ಕೊಡ್ತಾರಾ?’ ‘ಕಂಕುಳಲ್ಲಿ ಬಿಗಿಯಾದರೆ ಮತ್ತೆ ಎಷ್ಟು ಸಲ ಬರಬೇಕು?’

ಇನ್ನೊಂದು ಸಣ್ಣ ಸಂಗತಿ, ಇದರಲ್ಲಿ ತುಂಬ ಜನ ಎಡವುತ್ತಾರೆ. ಬೆಲೆಯ ಕಡೆ ನೀವು ಮೇಲಿನ ಅಂಕ ಹಾಕಿರುವುದು ‘ನಮ್ಮ ರೇಟು ಚೆನ್ನಾಗಿದೆ’ ಎಂಬ ಅರ್ಥದಲ್ಲಿ ಇರಬೇಕು. ಕ್ಯಾನ್ವಾಸಿನಲ್ಲಿ ಬೆಲೆ ಅಂದರೆ ಗಿರಾಕಿ ಎಷ್ಟು ಕೊಡುತ್ತಾರೆ ಅನ್ನುವುದಷ್ಟೇ. ದುಬಾರಿಯವರ ಚುಕ್ಕೆ ಮೇಲೆ, ಅಗ್ಗದವರದು ಕೆಳಗೆ.

ಮೊದಲು ಗೆರೆಗಳನ್ನು ಅಳಿಸಿ, ಅಂಶಗಳ ಪಟ್ಟಿಯನ್ನು ಹೊಸದಾಗಿ ಮಾಡಿ. ಅದಕ್ಕೆ ಮೂರು ಥರದವರನ್ನು ಮಾತಾಡಿಸಬೇಕು: ಈಗಲೂ ಬರುವವರು, ಬರುವುದು ಬಿಟ್ಟವರು, ಹೊಲಿಸುವುದನ್ನೇ ಬಿಟ್ಟು ರೆಡಿಮೇಡ್ ಬ್ಲೌಸಿಗೆ ಹೋದವರು. ‘ನಿಮಗೇನು ಬೇಕು?’ ಅಂತ ಕೇಳಬೇಡಿ. ಎಲ್ಲರೂ ‘ಚೆನ್ನಾಗಿರಬೇಕು, ಕಮ್ಮಿಗೆ ಸಿಗಬೇಕು’ ಅಂತಾರೆ. ‘ಕಳೆದ ಸಲ ಬ್ಲೌಸ್ ಬೇಕಾದಾಗ ಏನು ಮಾಡಿದಿರಿ? ಎಲ್ಲಿಗೆ ಹೋದಿರಿ? ಎಷ್ಟು ಸಲ ಹೋದಿರಿ?’ ಅಂತ ಕೇಳಿ. ಆಗ ಜನ ಕಥೆ ಹೇಳುತ್ತಾರೆ. ಆ ಕಥೆಯಲ್ಲಿ ಅವರು ಮಾಡಿಕೊಂಡ ಉಪಾಯಗಳನ್ನು ಗುರುತು ಹಾಕಿಕೊಳ್ಳಿ. ಮದುವೆ 20ಕ್ಕೆ ಇದ್ದರೆ ಟೈಲರ್‌ಗೆ 12ಕ್ಕೆ ಅಂತ ಸುಳ್ಳು ಹೇಳುವುದು ಬೆಂಗಳೂರಿನ ಹೆಂಗಸರಿಗೆ ಹೊಸದಲ್ಲ. ಸುಳ್ಳು ಹೇಳಿ ಕೆಲಸ ಮಾಡಿಸಿಕೊಳ್ಳಬೇಕಾಗಿದೆ ಅಂದರೆ, ಅಲ್ಲಿ ಅವರಿಗೆ ಬೇಕಾದದ್ದನ್ನು ಯಾರೂ ಸರಿಯಾಗಿ ಕೊಡುತ್ತಿಲ್ಲ ಅಂತಲೇ ಅರ್ಥ.

ರೆಡಿಮೇಡ್ ತೊಡುವವರು ಯಾಕೆ ಬೇಕು ಅಂತ ನಿಮಗನಿಸಬಹುದು. ಈ ಕ್ಯಾನ್ವಾಸನ್ನು ರೂಪಿಸಿದವರು ಇನ್‌ಸಿಯಾಡ್ ಎಂಬ ಬಿಸಿನೆಸ್ ಸ್ಕೂಲಿನ ಚಾನ್ ಕಿಮ್ ಮತ್ತು ರೆನೆ ಮೊಬೋರ್ನ್. ನಿಮ್ಮಂಥದೇ ಅಂಗಡಿಗಳನ್ನಷ್ಟೇ ನೋಡಬೇಡಿ, ಗಿರಾಕಿ ಅದೇ ಕೆಲಸಕ್ಕೆ ಬೇರೆ ಏನು ಬಳಸುತ್ತಾರೆ ಅದನ್ನೂ ನೋಡಿ ಅನ್ನುವುದು ಅವರ ಮಾತಿನ ತಿರುಳು. ನಮ್ಮ ಊರಿನಲ್ಲೇ ಉದಾಹರಣೆ ಇದೆ. 2003ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಏರ್ ಡೆಕ್ಕನ್ ಬರೀ ಬೇರೆ ವಿಮಾನಗಳನ್ನು ನೋಡಲಿಲ್ಲ, ರೈಲಿನಲ್ಲಿ ಓಡಾಡುವವರನ್ನು ನೋಡಿತು. ಪುಕ್ಕಟೆ ಊಟ ತೆಗೆದು ಟಿಕೆಟ್ ಅಗ್ಗ ಮಾಡಿತು.

ಅಂಕ ಹಾಕುವಾಗ ಅಭಿಪ್ರಾಯ ಬೇಡ, ಎಣಿಸಿ ನೋಡಬಹುದಾದ್ದು ಬೇಕು. ನಿಮ್ಮ ಬಿಲ್ ಬುಕ್ಕಿನ ಕೊನೆಯ 30 ಬಿಲ್ ತೆಗೆಯಿರಿ. ಬರೆದುಕೊಟ್ಟ ತಾರೀಖಿಗೇ ಹೋದದ್ದು ಎಷ್ಟು? ಆಲ್ಟರೇಷನ್‌ಗೆ ವಾಪಸ್ ಬಂದದ್ದು ಎಷ್ಟು? ಬೊಟಿಕ್‌ಗೂ ಪಕ್ಕದ ಟೈಲರ್‌ಗೂ ನೆಂಟರ ಕೈಯಲ್ಲಿ ಒಂದೊಂದು ಬ್ಲೌಸ್ ಹೊಲಿಯಲು ಕೊಡಿಸಿ. ಯಾವತ್ತು ಸಿಕ್ಕಿತು, ಎಷ್ಟು ಸಲ ಹೋಗಬೇಕಾಯಿತು, ಬರೆದಿಡಿ. ಒಂದೇ ಬ್ಲೌಸಿನಿಂದ ಪೂರ್ತಿ ತೀರ್ಪು ಕೊಡಲಾಗದು, ಹಾಗಾಗಿ ಅವರ ಗಿರಾಕಿಗಳು ಹೇಳಿದ್ದನ್ನೂ ಜೊತೆಗಿಟ್ಟು ನೋಡಿ.

ನೀವು ಬರೆದದ್ದರ ಮೇಲೆ ಒಂದು ಕರಡು ಹಾಕಿದ್ದೇನೆ. 1 ಅಂದರೆ ಬಹಳ ಕಮ್ಮಿ, 5 ಅಂದರೆ ಬಹಳ ಜಾಸ್ತಿ. ಅಂಕಗಳು ನನ್ನ ಅಂದಾಜು. ನಿಮ್ಮ ಲೆಕ್ಕ ಬಂದ ಮೇಲೆ ತಿದ್ದಿಕೊಳ್ಳಿ.

| ಅಂಶ | ಬೀದಿ ಟೈಲರ್ | ಬೊಟಿಕ್ | ರೆಡಿಮೇಡ್ | ನೀವು |
|---|---|---|---|---|
| ಬೆಲೆ | 2 | 5 | 2 | 3 |
| ಡಿಸೈನ್ ಆಯ್ಕೆ | 2 | 5 | 3 | 4 |
| ಆರಿ ವರ್ಕ್ | 1 | 5 | 2 | 4 |
| ಅಂಗಡಿಯ ಅಂದ | 1 | 5 | 3 | 4 |
| ಮೈಗೆ ಕೂರುವುದು | 3 | 4 | 2 | 3 |
| ಹೇಳಿದ ದಿನ ಸಿಗುವುದು | 2 | 2 | 5 | 2 |
| ಓಡಾಟ ಉಳಿಯುವುದು | 2 | 1 | 5 | 2 |

ಇದನ್ನು ಗೆರೆಯಾಗಿ ಎಳೆದು ನೋಡಿ. ನಿಮ್ಮದು ಬೊಟಿಕ್‌ನ ಗೆರೆಯೇ, ಸ್ವಲ್ಪ ಕೆಳಗೆ ಇಳಿಸಿದ ಹಾಗಿದೆ. ಎಲ್ಲಿ ಅವರು ಏರಿದ್ದಾರೋ ಅಲ್ಲಿ ನೀವೂ ಏರಿದ್ದೀರಿ, ಅವರು ಕುಸಿದ ಕಡೆ ನೀವೂ ಕುಸಿದಿದ್ದೀರಿ. ದುಡ್ಡು ಇರುವವರು ಬೊಟಿಕ್‌ಗೇ ಹೋಗುತ್ತಾರೆ. ದಿನಾ ಉಡುವ ಸೀರೆಗೆ ಬ್ಲೌಸ್ ಬೇಕಾದವರಿಗೆ ನಿಮ್ಮ ಎಸಿಗೂ ಆರಿ ಫ್ರೇಮಿಗೂ ದುಡ್ಡು ಕೊಡುವ ಆಸೆ ಇಲ್ಲ.

ಖಾಲಿ ಜಾಗ ಅಂತ ಹುಡುಕುವಾಗ ಜನ ಒಂದೇ ಅಂಶದಲ್ಲಿ ಎಲ್ಲರಿಗಿಂತ ಮೇಲೆ ಹೋಗಲು ನೋಡುತ್ತಾರೆ. ಇಲ್ಲಿ ಹಾಗಿಲ್ಲ. ಹೇಳಿದ ದಿನಕ್ಕೆ ಸರಿಯಾಗಿ ಸಿಗುವುದು ರೆಡಿಮೇಡ್‌ನಲ್ಲಿ ಆಗಲೇ ಇದೆ. ಮೈಗೆ ಕೂರುವುದು ಬೊಟಿಕ್‌ನಲ್ಲಿ ಇದೆ. ಎರಡೂ ಒಟ್ಟಿಗೆ ಯಾರ ಗೆರೆಯಲ್ಲೂ ಇಲ್ಲ. ಆಫೀಸಿಗೋ ಶಾಲೆಗೋ ಸೀರೆ ಉಟ್ಟು ಹೋಗುವವರು, ಹಬ್ಬಕ್ಕೆ ನಾಲ್ಕು ಸೀರೆ ಒಟ್ಟಿಗೆ ತೆಗೆದವರು ಕೇಳುವುದು ಇದನ್ನೇ. ತಮ್ಮ ಅಳತೆಗೆ ಸರಿಯಾದ ಸಾದಾ ಲೈನಿಂಗ್ ಬ್ಲೌಸ್, ಹೇಳಿದ ದಿನಕ್ಕೆ, ಎರಡೇ ಸಲ ಬಂದು.

ಆದರೆ ಜಾಗ ಖಾಲಿ ಇದೆ ಅಂದ ಮಾತ್ರಕ್ಕೆ ನುಗ್ಗಬಾರದು. ಯಾಕೆ ಖಾಲಿ ಇದೆ ಅಂತ ಕೇಳಬೇಕು. ಯಾರಿಗೂ ಬೇಡವಾಗಿರಬಹುದು, ಅಥವಾ ಬೇಕಿದ್ದರೂ ಕೊಡಲು ಆಗದೆ ಇರಬಹುದು. ಟೈಲರ್‌ಗಳು ದಿನ ತಪ್ಪಿಸುವುದು ಸೋಮಾರಿತನದಿಂದ ಅಲ್ಲ. ಬಂದ ಆರ್ಡರ್ ಎಲ್ಲ ಹಿಡಿಯುತ್ತಾರೆ, ಬೇಡ ಅನ್ನಲು ಮನಸ್ಸಾಗುವುದಿಲ್ಲ. ‘ಅರ್ಜೆಂಟ್’ ಅಂತ ಬಂದದ್ದು ಸಾಲು ಮುರಿದು ಮುಂದೆ ಹೋಗುತ್ತದೆ. ಪ್ರತಿ ಬ್ಲೌಸಿಗೂ ಬೇರೆ ಕುತ್ತಿಗೆ, ಬೇರೆ ತೋಳು, ಎಲ್ಲವನ್ನೂ ಕತ್ತರಿಸುವವರು ಒಬ್ಬರೇ ಮಾಸ್ಟರ್. ಆರಿ ವರ್ಕಿನ ಬಟ್ಟೆ ಫ್ರೇಮಿನಿಂದ ಇಳಿಯುವ ತನಕ ಹೊಲಿಗೆಗೆ ಬರುವುದಿಲ್ಲ. ಬಂದ ದಿನ ಉಳಿದದ್ದನ್ನೆಲ್ಲ ತಳ್ಳುತ್ತದೆ.

ಹಾಗಾಗಿ ಕ್ಯಾನ್ವಾಸಿನಲ್ಲಿ ಏನನ್ನು ಇಳಿಸುತ್ತೀರಿ ಅನ್ನುವುದು ಬರೀ ಖರ್ಚಿನ ಪ್ರಶ್ನೆ ಅಲ್ಲ. ಆರಿ ಬಿಟ್ಟರೆ, ಡಿಸೈನ್ ಆಯ್ಕೆ ಇಳಿಸಿದರೆ ಆಗಲೇ ದಿನ ಕೈಗೆ ಬರುವುದು. ನಾನಾದರೆ ಆರಿಯನ್ನು ಪೂರ್ತಿ ತೆಗೆಯುತ್ತೇನೆ. ಕುತ್ತಿಗೆ ಆರು ಥರ, ತೋಳು ಮೂರು ಥರ ಸಾಕು. ಎಸಿ ಹಾಕಿಸಿ ಆಗಿದೆ, ಇರಲಿ, ಆದರೆ ಅಂಗಡಿಯ ಅಂದಕ್ಕೆ ಇನ್ನು ಒಂದು ರೂಪಾಯಿಯೂ ಬೇಡ. ಬೆಲೆಯನ್ನು 3ರಲ್ಲೇ ಬಿಡಿ.

ಏರಿಸಬೇಕಾದದ್ದು ಹೇಳಿದ ದಿನ ಕೊಡುವುದನ್ನು. ದಿನಕ್ಕೆ 10 ಆಗುತ್ತೆ ಅಂದಿರಿ. ಪುಸ್ತಕದಲ್ಲಿ ಪ್ರತಿ ತಾರೀಖಿಗೆ 8 ಸಾಲು ಮಾತ್ರ ಎಳೆಯಿರಿ. ಉಳಿದ ಎರಡು ಆಲ್ಟರೇಷನ್‌ಗೆ, ಟೈಲರ್ ಬರದ ದಿನಕ್ಕೆ. ಎಂಟು ತುಂಬಿದರೆ ಮುಂದಿನ ತಾರೀಖು ಕೊಡಿ. ಲೈನಿಂಗ್ ಬಟ್ಟೆಯನ್ನು ಆರ್ಡರ್ ಬಂದ ಮೇಲೆ ನೆನೆಸಬೇಡಿ. ಜಾಸ್ತಿ ಹೋಗುವ ಬಣ್ಣಗಳನ್ನು ಮೊದಲೇ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಇಟ್ಟುಕೊಳ್ಳಿ.

ಹೊಸದಾಗಿ ಸೇರಿಸಬೇಕಾದ ಒಂದು ಅಂಶ ಇದೆ. ಒಮ್ಮೆ ಸರಿಯಾಗಿ ಕೂತ ಬ್ಲೌಸಿನ ಕಟಿಂಗನ್ನು ಕಾಗದದ ಮೇಲೆ ಕತ್ತರಿಸಿ, ಹೆಸರು, ತಾರೀಖು ಬರೆದು ಕವರಿನಲ್ಲಿ ಇಟ್ಟುಕೊಳ್ಳುವುದು. ಮುಂದಿನ ಸಲ ಅಳತೆ ಬ್ಲೌಸ್ ತರುವುದು ಬೇಡ, ಟ್ರಯಲ್ ಬೇಡ. ಬಟ್ಟೆ ಕೊಟ್ಟು ಹೋಗುವುದು, ಹೇಳಿದ ದಿನ ಒಯ್ಯುವುದು. ಮೈ ಬದಲಾಗುತ್ತದೆ, ಹಾಗಾಗಿ ಕವರು ವರ್ಷದ ಮೇಲಾಗಿದ್ದರೆ ಮತ್ತೆ ಟೇಪು ಹಿಡಿಯಿರಿ.

ಆರಿ ಬಿಡುವ ಮೊದಲು ಒಂದು ಲೆಕ್ಕ ಕಡ್ಡಾಯ. ಆರಿ ಬಿಲ್‌ಗಳನ್ನು ಬೇರೆ ಮಾಡಿ, ಕೆಲಸದವರಿಗೆ ಕೊಟ್ಟದ್ದು, ಮಣಿ, ದಾರ ಎಲ್ಲ ಕಳೆದು ಎಷ್ಟು ಉಳಿಯಿತು ನೋಡಿ. ನಿಮ್ಮ ಲಾಭದ ಅರ್ಧಕ್ಕಿಂತ ಜಾಸ್ತಿ ಅಲ್ಲಿಂದಲೇ ಬರುತ್ತಿದ್ದರೆ ನಾನು ಮೇಲೆ ಹೇಳಿದ್ದನ್ನು ಮಾಡಬೇಡಿ. ಕ್ಯಾನ್ವಾಸ್ ಲಾಭ ತೋರಿಸುವುದಿಲ್ಲ, ಎಷ್ಟು ಜನ ಗಿರಾಕಿಗಳಿದ್ದಾರೆ ಅಂತಲೂ ಹೇಳುವುದಿಲ್ಲ. ಅದು ತೋರಿಸುವುದು ಯಾರು ಎಲ್ಲಿ ನಿಂತಿದ್ದಾರೆ ಅನ್ನುವುದಷ್ಟೇ.

ಬೇರೆಯವರು ನಕಲು ಮಾಡಿದರೆ? ಮಾಡೇ ಮಾಡುತ್ತಾರೆ. ಏರ್ ಡೆಕ್ಕನ್ ಹಿಂದೆಯೇ 2005ರಲ್ಲಿ ಸ್ಪೈಸ್‌ಜೆಟ್, 2006ರಲ್ಲಿ ಇಂಡಿಗೊ ಅಗ್ಗದ ಟಿಕೆಟ್ ಹಿಡಿದು ಬಂದವು. ಖಾಲಿ ಇದ್ದ ಜಾಗ ಬೇಗ ತುಂಬಿತು. ನಿಮ್ಮ ವಿಷಯದಲ್ಲಿ ಬೊಟಿಕ್‌ನವರು ಸುಲಭಕ್ಕೆ ಬರಲಾರರು, ಮದುವೆ ಬ್ಲೌಸ್ ಬಿಟ್ಟರೆ ಅವರ ಬಾಡಿಗೆ ಹುಟ್ಟುವುದಿಲ್ಲ. ಬೀದಿ ಟೈಲರ್ ಬರಬಹುದು. ಅವರಿಗಿಂತ ಮೊದಲು ನಿಮ್ಮ ಕಪಾಟಿನಲ್ಲಿ ಕವರುಗಳು ಸೇರಿರಬೇಕು.

ಶುರು ಮಾಡಲು ಆಷಾಢ ಒಳ್ಳೆಯ ಸಮಯ. ಮದುವೆ ಇಲ್ಲ, ಕೆಲಸ ಕಮ್ಮಿ. ಹಳೇ ಗಿರಾಕಿಗಳಲ್ಲಿ ಕೆಲವರಿಗೆ ಮಾತ್ರ ಹೇಳಿ: ದಿನ ತಪ್ಪಿದರೆ ಹೊಲಿಗೆ ದುಡ್ಡು ಬೇಡ. ಆ ತಿಂಗಳು ಎರಡು ವಿಷಯ ನೋಡಿ. ಒಂದು, ದಿನ ತಪ್ಪಿದ್ದು ಎಷ್ಟು. ಇನ್ನೊಂದು, ಒಂದು ಬ್ಲೌಸ್ ಕೊಟ್ಟವರು ಮುಂದಿನ ಸಲ ಮೂರು ನಾಲ್ಕು ಒಟ್ಟಿಗೆ ತರುತ್ತಿದ್ದಾರಾ. ತರುತ್ತಿದ್ದರೆ ಜಾಗ ನಿಜವಾಗಿ ಇದೆ. ‘ಬಹಳ ಚೆನ್ನಾಗಿದೆ’ ಅಂತ ಹೊಗಳಿ ಮತ್ತೆ ಬರದಿದ್ದರೆ ಇಲ್ಲ. ಶ್ರಾವಣ ಹುಟ್ಟಿ ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಾಗ ಪ್ರತಿ ತಾರೀಖಿಗೂ ಒಂಬತ್ತನೆಯ ಬ್ಲೌಸ್ ಬರುತ್ತದೆ, ಅದೂ ಬೇಕಾದವರಿಂದಲೇ. ಆವತ್ತು ಮಾಸ್ಟರ್ ಕೈಯಲ್ಲಿ ಪುಸ್ತಕ ಇರುವುದು ಬೇಡ, ನೀವೇ ಇಟ್ಟುಕೊಳ್ಳಿ.